ಮನೆ ಬದಲಾಯಿತು, ಲ್ಯಾಂಡ್‌ಲೈನ್ ನಂಬರ್ ಮಾತ್ರ ಅದೇ

ಹೊಸ ಏರಿಯಾದಲ್ಲಿ ಮನೆ ಗೊತ್ತಾದ ಮೇಲೆ ನಾನು ಮೊದಲು ಕೇಳಿದ್ದು ಕೆಳಗಿನ ಮನೆಯವರ ಲ್ಯಾಂಡ್‌ಲೈನ್ ನಂಬರ್. ಅವರಿಗೆ ಸ್ವಲ್ಪ ವಿಚಿತ್ರ ಅನ್ನಿಸಿರಬೇಕು. ಆದರೆ ನಮ್ಮ ಹಳೆಯ ನಂಬರ್ ಉಳಿಯುತ್ತದಾ ಇಲ್ಲವಾ ಅಂತ ತಿಳಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಎಂಟು ಅಂಕಿಯ ನಂಬರಿನಲ್ಲಿ ಸಾಮಾನ್ಯವಾಗಿ ಮೊದಲ ನಾಲ್ಕು ಅಂಕಿ ಎಕ್ಸ್‌ಚೇಂಜಿನ ಗುರುತು. ಉಳಿದ ನಾಲ್ಕು ನಮ್ಮದು. ಅಕ್ಕಪಕ್ಕದವರ ನಂಬರಿನ ಮೊದಲ ಅಂಕಿಗಳು ನಮ್ಮ ಹಳೆಯ ನಂಬರಿನ ಹಾಗೇ ಇದ್ದರೆ ಎರಡು ಮನೆಯೂ ಒಂದೇ ಎಕ್ಸ್‌ಚೇಂಜಿಗೆ ಸೇರಿದವು ಅಂದುಕೊಳ್ಳಬಹುದು. ಆಗ ಕೆಲಸ ಸುಲಭ. ಎಕ್ಸ್‌ಚೇಂಜಿನಲ್ಲಿ ನಮ್ಮ ನಂಬರಿನ ತಂತಿಯನ್ನು ಹಳೆಯ ಮನೆಗೆ ಹೋಗುವ ತಾಮ್ರದ ತಂತಿಯ ಜೋಡಿಯಿಂದ ಬಿಚ್ಚಿ ಹೊಸ ಮನೆಯ ಜೋಡಿಗೆ ಹಾಕುತ್ತಾರೆ, ಅಷ್ಟೇ. ಹೊಸ ಬೀದಿಯ ಡಬ್ಬಿಯಲ್ಲಿ ಖಾಲಿ ಜೋಡಿ ಇರಬೇಕು, ಅದೊಂದೇ ಷರತ್ತು.

ನಮ್ಮದು ಅಷ್ಟು ಸುಲಭ ಇರಲಿಲ್ಲ. ಎಸ್‌ಟಿಡಿ ಕೋಡ್ ಒಂದೇ, ಕಂಪನಿ ಒಂದೇ, ಆದರೆ ಮೊದಲ ಅಂಕಿಗಳು ಬೇರೆ. ಅಂದರೆ ಎಕ್ಸ್‌ಚೇಂಜ್ ಬೇರೆ. ತಾಮ್ರದ ತಂತಿಯ ಮೇಲೆಯೇ ಇದ್ದರೆ ಇಂಥ ಕಡೆ ನಂಬರ್ ಬದಲಾಗುವುದೇ ಜಾಸ್ತಿ. ಫೈಬರ್ ಆದರೆ ಲೆಕ್ಕ ಬೇರೆ. ಅಲ್ಲಿ ನಂಬರ್ ತಂತಿಗೆ ಅಂಟಿಕೊಂಡಿರುವುದಿಲ್ಲ. ಮನೆಯ ಮೋಡೆಮ್ ಇಂಟರ್ನೆಟ್ಟಿಗೆ ಲಾಗಿನ್ ಆಗುವ ಹಾಗೆ ನಂಬರೂ ಕಂಪನಿಯ ಸರ್ವರಿನಲ್ಲಿ ನೋಂದಣಿಯಾಗುತ್ತದೆ. ಹಾಗಾಗಿ ನಾನು ಅರ್ಜಿ ಕೊಡುವಾಗಲೇ ಕೇಳಿದೆ: "ತಾಮ್ರದ ಲೈನ್ ಬೇಡ, ಇದೇ ನಂಬರನ್ನು ಫೈಬರಿಗೆ ಹಾಕಿ ಶಿಫ್ಟ್ ಮಾಡಿ ಕೊಡ್ತೀರಾ?" ಹೊಸ ಬೀದಿಗೆ ಅದೇ ಕಂಪನಿಯ ಫೈಬರ್ ಬಂದಿತ್ತು, ಒಪ್ಪಿದರು.

ಇಲ್ಲಿ ಒಂದು ಮಾತು. ಕೌಂಟರಿನಲ್ಲಿ ಕೆಲವೊಮ್ಮೆ "ಹಳೇದನ್ನ ಸರೆಂಡರ್ ಮಾಡಿ, ಹೊಸ ಕನೆಕ್ಷನ್ ತಗೊಳ್ಳಿ, ಬೇಗ ಆಗತ್ತೆ" ಅನ್ನುತ್ತಾರೆ. ನಿಜ, ಬೇಗ ಆಗುತ್ತದೆ. ಆದರೆ ಸರೆಂಡರ್ ಅಂದರೆ ನಂಬರ್ ಬಿಟ್ಟುಕೊಟ್ಟ ಹಾಗೆ. ಅದು ಕೆಲಕಾಲ ಸುಮ್ನೆ ಬಿದ್ದಿದ್ದು ಆಮೇಲೆ ಇನ್ಯಾರಿಗೋ ಹೋಗಬಹುದು. ಅರ್ಜಿಯಲ್ಲಿ 'ಶಿಫ್ಟಿಂಗ್' ಅಂತಲೇ ಬರೆಸಬೇಕು, 'ಅದೇ ನಂಬರ್' ಅಂತಲೂ ಸೇರಿಸಬೇಕು. ನಮ್ಮ ಲೈನ್ ಅಪ್ಪನ ಹೆಸರಲ್ಲಿತ್ತು. ಅರ್ಜಿಗೆ ಅವರದೇ ಸಹಿ ಹಾಕಿಸಿ, ಬಾಕಿ ಬಿಲ್ ಕಟ್ಟಿದ ರಸೀದಿ ಜೊತೆಗಿಟ್ಟೆ.

ಲೈನ್ ಬಂತು, ಡಯಲ್ ಟೋನ್ ಬಂತು. ಹೊಸ ಮನೆಯಿಂದ ನನ್ನ ಮೊಬೈಲಿಗೆ ಮಾಡಿದರೆ ನಮ್ಮ ಹಳೆಯ ನಂಬರೇ ಕಾಣಿಸಿತು. ಕೆಲಸ ಮುಗಿಯಿತು ಅನ್ನುವ ಹಾಗಿರಲಿಲ್ಲ. ಹಳೆಯ ಬೀದಿಯ ಅತ್ತೆ ತಮ್ಮ ಲ್ಯಾಂಡ್‌ಲೈನಿನಿಂದ ಮಾಡಿದರೆ ಅವರಿಗೆ ರಿಂಗ್ ಕೇಳುತ್ತದೆ, ನಮ್ಮಲ್ಲಿ ಫೋನ್ ಹೊಡೆದುಕೊಳ್ಳುವುದೇ ಇಲ್ಲ! ಕಾರಣ ಇಷ್ಟು: ಹಳೆಯ ಎಕ್ಸ್‌ಚೇಂಜ್ ಆ ನಂಬರ್ ಇನ್ನೂ ತನ್ನ ಹತ್ತಿರವೇ ಇದೆ ಅಂದುಕೊಂಡಿತ್ತು. ಕರೆ ಮಾಡಿದವರ ಕಿವಿಗೆ ಬೀಳುವ ರಿಂಗ್ ಶಬ್ದ ನಮ್ಮ ಫೋನಿನಿಂದ ಬರುವುದಲ್ಲ, ಎಕ್ಸ್‌ಚೇಂಜೇ ಕೇಳಿಸುವಂಥದ್ದು. ತಂತಿಯ ಆ ತುದಿಯಲ್ಲಿ ಫೋನ್ ಇಲ್ಲದಿದ್ದರೂ ಅದು ಕೇಳಿಸುತ್ತಲೇ ಇರುತ್ತದೆ. "ಯಾರೂ ಎತ್ತಲ್ಲ" ಅಂತ ಜನ ಸುಮ್ಮನಾಗಿಬಿಡುತ್ತಾರೆ, ನಮಗೆ ಗೊತ್ತೇ ಆಗುವುದಿಲ್ಲ.

ಹಾಗಾಗಿ ಮೂರು ಕಡೆಯಿಂದ ಕರೆ ಮಾಡಿಸಿ ನೋಡಬೇಕು: ಹಳೆಯ ಎಕ್ಸ್‌ಚೇಂಜಿನ ಲ್ಯಾಂಡ್‌ಲೈನ್, ಬೇರೆ ಕಂಪನಿಯ ಮೊಬೈಲ್, ಬೇರೆ ಊರಿನ ಫೋನ್. ದೂರು ಕೊಡುವಾಗ "ಫೋನ್ ಕೆಟ್ಟಿದೆ" ಅಂದರೆ ಲೈನ್‌ಮನ್ ಬಂದು ತಂತಿ ನೋಡಿ ಹೋಗುತ್ತಾರೆ. "ಹೊರಗೆ ಹೋಗುವ ಕರೆ ಸರಿ ಇದೆ, ಒಳಬರುವ ಕರೆ ಹಳೆಯ ಎಕ್ಸ್‌ಚೇಂಜಿನಲ್ಲೇ ನಿಲ್ಲುತ್ತಿದೆ" ಅಂದೆ. ಅಲ್ಲಿ ದಾರಿ ಬದಲಿಸಿದ ಮೇಲೆ ಸರಿಯಾಯಿತು.

ಇನ್ನು ಆಗದೇ ಇರುವ ಕಡೆ. ಎಸ್‌ಟಿಡಿ ಕೋಡ್ ಬೇರೆಯಾದರೆ ಆಸೆ ಬಿಡುವುದೇ ಒಳ್ಳೆಯದು. ಕೋಡೂ ಸೇರಿಯೇ ಪೂರ್ತಿ ನಂಬರ್ ಅಲ್ವಾ, ಅದನ್ನು ಬಿಟ್ಟು ಉಳಿದ ಅಂಕಿಗಳನ್ನಷ್ಟೇ ಒಯ್ಯಲು ಬರುವುದಿಲ್ಲ. ಹೊಸ ಜಾಗದಲ್ಲಿ ನಿಮ್ಮ ಕಂಪನಿಯ ಲೈನೇ ಇಲ್ಲದಿದ್ದರೂ ಅದೇ ಗತಿ. ಕೆಲವು ದೇಶಗಳಲ್ಲಿ ಲ್ಯಾಂಡ್‌ಲೈನ್ ನಂಬರನ್ನೂ ಬೇರೆ ಕಂಪನಿಗೆ ಪೋರ್ಟ್ ಮಾಡಬಹುದು. ಭಾರತದಲ್ಲಿ ಆ ಸೌಲಭ್ಯ ಇರುವುದು ಮೊಬೈಲಿಗೆ ಮಾತ್ರ.

ಅಂಥ ಸಂದರ್ಭದಲ್ಲಿ ಹಳೆಯ ಲೈನನ್ನು ಕೆಲವು ತಿಂಗಳು ಇಟ್ಟುಕೊಂಡು ಹೊಸ ನಂಬರಿಗೆ ಕಾಲ್ ಫಾರ್ವರ್ಡ್ ಹಾಕಿಸಬಹುದೇ ಅಂತ ಕೇಳಿ. ಬಾಡಿಗೆ ಕಟ್ಟುತ್ತಲೇ ಇರಬೇಕು, ಫಾರ್ವರ್ಡ್ ಆದ ಕರೆಯ ಖರ್ಚೂ ನಿಮ್ಮ ತಲೆಗೇ ಬರಬಹುದು. ಆ ಅವಧಿಯಲ್ಲಿ ಬ್ಯಾಂಕ್, ಗ್ಯಾಸ್, ವಿಮೆ ಎಲ್ಲ ಕಡೆ ನಂಬರ್ ಬದಲಿಸಿಕೊಂಡು, ಆಮೇಲೆ ಹಳೆಯದನ್ನು ಸರೆಂಡರ್ ಮಾಡಿದರಾಯಿತು.