ಮಂಡಿಯಲ್ಲಿ ಮಾಯವಾಗುತ್ತಿದ್ದ ತೂಕ ಮತ್ತು ಒಂದು ವರ್ಷನ್ ಕಾಲಂ: ನನ್ನ ಅನುಭವ

ಒಂದೇ ದಾಖಲೆಯನ್ನು ಇಬ್ಬರು ಒಟ್ಟಿಗೆ ತಿದ್ದಿದರೆ ಒಬ್ಬರದ್ದು ಇನ್ನೊಬ್ಬರದ್ದನ್ನು ಅಳಿಸಬಾರದು, ಸಾಫ್ಟ್‌ವೇರ್ ತಡೆದು ಮೆಸೇಜ್ ತೋರಿಸಬೇಕು ಅಂತ ಹೊರಟಾಗ, "ಇದೆಲ್ಲ ಮಂಡಿಯಲ್ಲಿ ನಡೆಯಲ್ಲ, ಅಲ್ಲಿ ಯಾರು ಮೆಸೇಜ್ ಓದ್ತಾರೆ?" ಅಂತ ನಕ್ಕವರು ಮೂರ್ನಾಲ್ಕು ಜನ ಇದ್ದರು. ಈಗ ಒಂದು ಅಡಿಕೆ ಸೀಸನ್ ಪೂರ್ತಿ ಓಡಿದೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಶಿವಮೊಗ್ಗದ ಒಂದು ಅಡಿಕೆ ಮಂಡಿಗೆ ನಾನು ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್‌ನಲ್ಲಿ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೇನೆ. ರೈತರು ಮಾಲು ತಂದರೆ ಒಂದು ಲಾಟ್ ತೆರೆಯುತ್ತದೆ. ಹಿಂದೆ ತೂಕದ ಹತ್ತಿರ ಒಬ್ಬ ಹುಡುಗ, ಮುಂದೆ ಆಫೀಸಿನಲ್ಲಿ ಗುಮಾಸ್ತರು, ಇಬ್ಬರೂ ಅದೇ ಲಾಟ್ ತಿದ್ದುತ್ತಾರೆ.

ಆಗಿದ್ದು ಇಷ್ಟು. ಒಬ್ಬ ರೈತರ ರಾಶಿ ಅಡಿಕೆ, ಆರು ಚೀಲ, 390 ಕೆಜಿ ಅಂತ ಎಂಟ್ರಿ ಆಗಿತ್ತು. ಗುಮಾಸ್ತರು ಮುಂಗಡ ಬರೆಯಲು ಲಾಟ್ ತೆರೆದರು, ರೈತರ ಜೊತೆ ಮಾತಿಗೆ ಕೂತರು. ಅಷ್ಟರಲ್ಲಿ ಹಿಂದೆ ಬಿಟ್ಟುಹೋಗಿದ್ದ ಏಳನೇ ಚೀಲ ಸಿಕ್ಕಿತು. ಹುಡುಗ ತೂಕವನ್ನು 455 ಮಾಡಿ ಸೇವ್ ಮಾಡಿದ. ಎರಡು ನಿಮಿಷ ಬಿಟ್ಟು ಗುಮಾಸ್ತರು ಮುಂಗಡ ಹಾಕಿ ಸೇವ್ ಒತ್ತಿದರು. ಅವರ ಫಾರಂನಲ್ಲಿ ಇನ್ನೂ 390 ಇತ್ತಲ್ಲ, ಅದೇ ಹೋಗಿ ಕೂತಿತು. 65 ಕೆಜಿ, ಆಗಿನ ಧಾರಣೆ ಕ್ವಿಂಟಾಲಿಗೆ ಸುಮಾರು 48 ಸಾವಿರ, ಅಂದರೆ 31 ಸಾವಿರ ಚಿಲ್ಲರೆ. ರೈತರು ತೂಕದ ಚೀಟಿ ಹಿಡಿದುಕೊಂಡು ಬಂದಿದ್ದಕ್ಕೆ ಗೊತ್ತಾಯಿತು. ಜಾಸ್ತಿ ಕೊಟ್ಟ ಲಾಟುಗಳೂ ಇದ್ದವೇನೋ, ಅದನ್ನು ಹೇಳಲು ಯಾರೂ ಚೀಟಿ ತರಲಿಲ್ಲ ಬಿಡಿ.

ಎಲ್ಲರೂ ಹುಡುಗನ ಮೇಲೆ ಹಾರಿದರು. ನಾನು ಮೈಎಸ್‌ಕ್ಯೂಎಲ್‌ನ ಜನರಲ್ ಲಾಗ್ ಆನ್ ಮಾಡಿ ಕೂತೆ. ಇಂಥದ್ದೇ ಇನ್ನೊಂದು ಲಾಟ್ ಸಿಕ್ಕಿತು. ಒಂದೇ ಐಡಿಗೆ ಕೆಲವೇ ನಿಮಿಷದ ಅಂತರದಲ್ಲಿ ಎರಡು `UPDATE`, ಎರಡರಲ್ಲೂ ಅಷ್ಟೂ ಕಾಲಂ. ಹುಡುಗನ ತಪ್ಪು ಏನೂ ಇರಲಿಲ್ಲ.

ಬೆಂಗಳೂರಿನ ಗೆಳೆಯನೊಬ್ಬ `SELECT ... FOR UPDATE` ಹಾಕು ಅಂದ. ವೆಬ್ ಫಾರಂಗೆ ಅದು ಪ್ರಯೋಜನವಿಲ್ಲ. ಪೇಜ್ ಲೋಡ್ ಆದ ಕೂಡಲೇ ಆ ಟ್ರಾನ್ಸಾಕ್ಷನ್ ಮುಗಿಯುತ್ತದೆ, ಲಾಕೂ ಹೋಗುತ್ತದೆ. ಗುಮಾಸ್ತರು ಮಾತಾಡುವ ಹತ್ತು ನಿಮಿಷ ಅದು ಕಾಯಲ್ಲ. ಆಮೇಲೆ `locked_by` ಅಂತ ಕಾಲಂ ಮಾಡಿದೆ, ಒಬ್ಬರು ತೆರೆದರೆ ಇನ್ನೊಬ್ಬರಿಗೆ ಬಂದ್. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಅಂತ ಗೊತ್ತಲ್ವಾ? ಸಿಸ್ಟಂ ಆಫ್ ಆಗುತ್ತಿತ್ತು, ಲಾಕ್ ಹಾಗೇ ಉಳಿಯುತ್ತಿತ್ತು, ನನಗೆ ಫೋನ್ ಬರುತ್ತಿತ್ತು. ಹತ್ತು ನಿಮಿಷದ ಟೈಮ್‌ಔಟ್ ಇಟ್ಟರೆ, ಟೈಮ್‌ಔಟ್ ಆದ ಮೇಲೆ ಎರಡನೆಯವರು ತಿದ್ದುತ್ತಾರೆ, ಮೊದಲನೆಯವರು ಊಟ ಮುಗಿಸಿ ಬಂದು ಹಳೆ ಫಾರಂ ಸೇವ್ ಮಾಡುತ್ತಾರೆ. ಮತ್ತೆ ಅದೇ ಕಥೆ. ಇದಕ್ಕೆ ಎಂಟು ಸಾವಿರದ ಹತ್ತಿರ ಬಿಲ್ ಮಾಡಿದ್ದೆ, ಸಾಹುಕಾರರು ಈಗಲೂ ಅದನ್ನು ಎತ್ತಿ ಆಡುತ್ತಾರೆ.

ಬದಲಾದ ಕಾಲಂ ಮಾತ್ರ ಅಪ್‌ಡೇಟ್ ಮಾಡಿ ನೋಡಿದೆ. ಮೇಲಿನ ಕೇಸಿಗೆ ಅದು ಸಾಕು. ಆದರೆ ಒಬ್ಬರು ತೂಕ ತಿದ್ದಿ, ಇನ್ನೊಬ್ಬರು ಧಾರಣೆ ತಿದ್ದಿದರೆ? ಎರಡೂ ಉಳಿಯುತ್ತವೆ, ಒಟ್ಟು ಮೊತ್ತ ಮಾತ್ರ ಹಳೆ ತೂಕಕ್ಕೆ ಲೆಕ್ಕ ಹಾಕಿದ್ದು. ಇದು ಇನ್ನೂ ಅಪಾಯ, ಯಾಕೆಂದರೆ ತೂಕ, ಧಾರಣೆ ಎರಡೂ ಸರಿಯಾಗೇ ಕಾಣುತ್ತವೆ.

ಕೊನೆಗೆ ನಿಂತಿದ್ದು ಇದು. ಪ್ರತಿ ಲಾಟಿಗೆ `version` ಅಂತ ಒಂದು ನಂಬರ್, ಸೇವ್ ಆದಾಗಲೆಲ್ಲ ಒಂದು ಏರುತ್ತದೆ:

```sql
UPDATE lot
SET weight = ?, advance = ?, phone = ?,
    version = version + 1
WHERE id = ? AND version = ?;
```

ಒಂದು ರೋ ಬದಲಾದರೆ ಸೇವ್ ಆಯಿತು. ಸೊನ್ನೆ ಬಂದರೆ ನಡುವೆ ಯಾರೋ ಕೈ ಹಾಕಿದ್ದಾರೆ. ಕೊನೆಯ `version` ಫಾರಂ ತೆರೆದಾಗ ಇದ್ದದ್ದೇ ಆಗಿರಬೇಕು, ಹಿಡನ್ ಫೀಲ್ಡ್‌ನಲ್ಲಿ ಹೋಗಿ ವಾಪಸ್ ಬರಬೇಕು. ಸೇವ್ ಮಾಡುವಾಗ ಡೇಟಾಬೇಸ್‌ನಿಂದ ಹೊಸದಾಗಿ ಓದಿ ಹಾಕಿದರೆ ಹೆಚ್ಚುಕಡಿಮೆ ಯಾವಾಗಲೂ ಹೊಂದುತ್ತದೆ, ಕಾವಲು ಇದ್ದೂ ಇಲ್ಲದ ಹಾಗೆ. `updated_at` ಸಾಕಲ್ವಾ ಅಂತ ಕೇಳಿದರು. ಸಾದಾ `DATETIME` ಸೆಕೆಂಡಿನವರೆಗೆ ಮಾತ್ರ ಹಿಡಿಯುತ್ತದೆ, ಒಂದೇ ಸೆಕೆಂಡಿನಲ್ಲಿ ಎರಡು ಸೇವ್ ಬಿದ್ದರೆ ಮುಗಿಯಿತು. ಇನ್ನೊಂದು ಲಾಭ: ಮೈಎಸ್‌ಕ್ಯೂಎಲ್ ಸಾಮಾನ್ಯವಾಗಿ ನಿಜವಾಗಿ ಬದಲಾದ ರೋಗಳನ್ನೇ ಎಣಿಸುತ್ತದೆ, ಏನೂ ತಿದ್ದದೆ ಸೇವ್ ಒತ್ತಿದರೂ ಸೊನ್ನೆ. ವರ್ಷನ್ ಪ್ರತಿ ಸಲ ಏರುವುದರಿಂದ ಆ ಗೊಂದಲ ಇಲ್ಲ.

ನನ್ನನ್ನು ಒಂದು ವಾರದ ಮೇಲೆ ಕಾಡಿದ್ದು ಬೇರೆ. ಸೊನ್ನೆ ಬಂದಾಗ "ಈಗ ದಾಖಲೆ ಹೀಗಿದೆ" ಅಂತ ತೋರಿಸಲು ಮತ್ತೆ `SELECT` ಮಾಡುತ್ತಿದ್ದೆ. ಕೆಲವು ಸಲ ಹಳೆ ತೂಕವೇ ಬರುತ್ತಿತ್ತು! ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿ ಎಂಜಿನ್‌ನಲ್ಲಿ ಮಾಮೂಲಿ ಐಸೊಲೇಷನ್ ಮಟ್ಟ `REPEATABLE READ`. ಅದೇ ಟ್ರಾನ್ಸಾಕ್ಷನ್‌ನಲ್ಲಿ ಮೊದಲು ಒಂದು ಸಲ ಓದಿದ್ದರೆ, ಸಾದಾ `SELECT` ಆ ಹಳೆ ಚಿತ್ರವನ್ನೇ ಕೊಡುತ್ತದೆ. `UPDATE` ಮಾತ್ರ ಈಗಿನ ರೋ ನೋಡುತ್ತದೆ. ಹಾಗಾಗಿ ವರ್ಷನ್ ಹೊಂದಲ್ಲ ಅನ್ನುತ್ತದೆ, ಓದಿದರೆ ಹೊಂದುವ ಹಾಗೆ ಕಾಣುತ್ತದೆ. ಲೂಪ್ ಹಾಕಿ ಮತ್ತೆ ಮತ್ತೆ ಪ್ರಯತ್ನಿಸಿದರೆ ಬೆಳಗಾಗುವವರೆಗೂ ತಿರುಗುತ್ತದೆ. ಮೊದಲು `ROLLBACK`, ಆಮೇಲೆ ಹೊಸದಾಗಿ ಓದಿ. ಇದನ್ನು ನಾನೇ ಹುಡುಕಿದ್ದು ಅಂತ ಸ್ವಲ್ಪ ಜಂಬ ಇದೆ.

ಚೀಲದ ತೂಕಗಳು ಬೇರೆ ಟೇಬಲ್‌ನಲ್ಲಿವೆ. ಅಲ್ಲಿ ಒಂದು ಚೀಲ ಸೇರಿಸಿದರೆ ಲಾಟ್‌ನ ವರ್ಷನ್ ತಾನಾಗಿ ಏರಲ್ಲ. ಹಾಗಾಗಿ ಅದೇ ಟ್ರಾನ್ಸಾಕ್ಷನ್‌ನಲ್ಲಿ ಮೊದಲು ಲಾಟ್‌ನ ವರ್ಷನ್ ಏರಿಸುತ್ತೇನೆ, ಸೊನ್ನೆ ಬಂದರೆ ಚೀಲವನ್ನು ಮುಟ್ಟುವುದೇ ಇಲ್ಲ.

ನಿಜವಾದ ಜಗಳ ಸ್ಕ್ರೀನಿನದ್ದು. ಮೊದಲು "ದಾಖಲೆ ಬದಲಾಗಿದೆ, ಮತ್ತೆ ತೆರೆಯಿರಿ" ಅಂತ ತೋರಿಸಿ ಫಾರಂ ಖಾಲಿ ಮಾಡುತ್ತಿತ್ತು. ಗುಮಾಸ್ತರು ಫೋನ್ ಮಾಡಿ, "ಅಲ್ಲ ಮಾರಾಯಾ, ನಾನು ಬರೆದಿದ್ದೆಲ್ಲ ಎಲ್ಲಿಗೆ ಹೋಯ್ತು? ಮೊದಲಿನದ್ದೇ ವಾಸಿ ಇತ್ತು" ಅಂದರು. ನಕ್ಕವರು ಹೇಳಿದ್ದು ಸರಿ ಅಂತ ಆ ಸಂಜೆ ಅನ್ನಿಸಿದ್ದು ಹೌದು. ಈಗ ಬರೆದಿದ್ದು ಹಾಗೇ ಇರುತ್ತದೆ. ವ್ಯತ್ಯಾಸ ಇರುವ ಫೀಲ್ಡ್‌ಗಳು ಮಾತ್ರ ಮೇಲೆ ಬರುತ್ತವೆ: ತೆರೆದಾಗ 390, ಈಗ 455, ತಿದ್ದಿದವರು ತೂಕದ ಕೌಂಟರ್. ಫೋನ್ ನಂಬರ್, ಷರಾ ಇವನ್ನು ಇನ್ನೊಬ್ಬರು ಮುಟ್ಟಿರದಿದ್ದರೆ ತಾನೇ ಸೇರಿಸುತ್ತದೆ. ತೂಕ, ಧಾರಣೆ, ಮುಂಗಡ ಇದ್ದರೆ ಮನುಷ್ಯನೇ ಆರಿಸಬೇಕು. ಮೊತ್ತವನ್ನು ಸರ್ವರ್ ಹೊಸದಾಗಿ ಲೆಕ್ಕ ಹಾಕುತ್ತದೆ. ಗುಮಾಸ್ತರು ಓದದೆ ಓಕೆ ಒತ್ತದ ಹಾಗೆ ಒಂದು ಉಪಾಯ ಮಾಡಿದ್ದೇನೆ, ಅದನ್ನು ಇಲ್ಲಿ ಬರೆಯಲ್ಲ, ಅದು ನನ್ನ ಅನ್ನ. ಸೀಸನ್ ಜೋರಿದ್ದಾಗ ದಿನಕ್ಕೆ ಮುನ್ನೂರು ಲಾಟ್ ಬಂದರೂ ಈ ಸ್ಕ್ರೀನ್ ಬರುವುದು ಎರಡು ಮೂರು ಸಲ.

ನಡುವೆ ವರ್ಷನ್ ಕಾಲಂ ಇಲ್ಲದೆ, ಕಾಲಂಗಳ ಹಳೆ ಮೌಲ್ಯಗಳನ್ನೆಲ್ಲ `WHERE`ಗೆ ಹಾಕಿಯೂ ನೋಡಿದೆ. ಷರಾ ಖಾಲಿ ಇದ್ದ ಲಾಟುಗಳು ಸೇವ್ ಆಗಲೇ ಇಲ್ಲ, `remarks = NULL` ಯಾವತ್ತೂ ನಿಜ ಆಗಲ್ಲವಲ್ಲ. `NULL` ಅನ್ನೂ ಹೋಲಿಸುವ `<=>` ಹಾಕಿ ಸರಿಮಾಡಿದೆ, ಕ್ವೆರಿ ಉದ್ದ ನೋಡಿ ಕೈಬಿಟ್ಟೆ. ಪಿಎಚ್‌ಪಿಮೈಅಡ್ಮಿನ್‌ನಲ್ಲಿ ಕೈಯಿಂದ ತಿದ್ದುವವರು ಇದ್ದರೆ ಅವರಿಗೂ ವರ್ಷನ್ ಏರಿಸಲು ಹೇಳಿ, ಇಲ್ಲದಿದ್ದರೆ ಆ ತಿದ್ದುಪಡಿಯನ್ನು ಆಗಲೇ ತೆರೆದಿದ್ದ ಫಾರಂನ ಸೇವ್ ಸದ್ದಿಲ್ಲದೆ ಅಳಿಸುತ್ತದೆ.

ಖಾಲಿ ಗೋಣಿಚೀಲದ ಸ್ಟಾಕಿಗೂ ಇದನ್ನೇ ಹಾಕಿದ್ದೆ, ಕೈಕೊಟ್ಟಿತು. ಎಲ್ಲರೂ ಒಂದೇ ರೋ ಮೇಲೆ ಬೀಳುವುದರಿಂದ ನಿಮಿಷಕ್ಕೊಂದು ತಕರಾರು. ಅಲ್ಲಿ ವರ್ಷನ್ ತೆಗೆದು ಇಷ್ಟೇ ಬರೆದೆ, ಸೊನ್ನೆ ಬಂದರೆ ಚೀಲ ಸಾಲದು ಅಂತ ಅರ್ಥ:

```sql
UPDATE stock SET qty = qty - 7
WHERE item_id = 3 AND qty >= 7;
```