ಅವ್ವನ ಪುಂಡಿಪಲ್ಲೆ ಉಪ್ಪಿನಕಾಯಿ ಮಾರಿದ್ದು ರೀಲ್ ಅಲ್ಲ, ಅತ್ತೆಯ ಸ್ಟೇಟಸ್: ನನ್ನ ಅನುಭವ

ಬಿ.ಕಾಂ ಮುಗಿಸಿ ರಾಯಚೂರಿನ ಮನೆಗೆ ಬಂದು ಕೂತಾಗ ಅವ್ವ ಓಣಿಯವರಿಗಷ್ಟೇ ಉಪ್ಪಿನಕಾಯಿ ಹಾಕಿ ಕೊಡುತ್ತಿದ್ದಳು. ನಾನು ಒಂದು ಪುಟದ ಸೈಟ್ ಮಾಡಿ, ಎಷ್ಟು ಜನ ಎಲ್ಲಿಂದ ಬಂದರು ಅಂತ ಎಣಿಸೋ ಅನಾಲಿಟಿಕ್ಸ್ ಜೋಡಿಸಿದೆ. ಪುಂಡಿ ಎಲೆಯನ್ನು ಪಂಚೆ ಮೇಲೆ ಹರವಿ ಒಣಗಿಸೋದರಿಂದ ಹಿಡಿದು ಎಣ್ಣೆಯಲ್ಲಿ ಬಾಡಿಸೋವರೆಗೂ ರೀಲ್ ಮಾಡಿ ಹಾಕಿದೆ. ಒಂದನ್ನು ಹೆಚ್ಚೂಕಡಿಮೆ 38 ಸಾವಿರ ಮಂದಿ ನೋಡಿದರು. ಕುಣಿದಾಡಿಬಿಟ್ಟೆ. ಮೂರು ರೀಲ್ ಬೂಸ್ಟ್ ಮಾಡೋಕೆ 2,400 ರೂಪಾಯಿ ಸುರಿದೆ. ಬಂದ ಆರ್ಡರ್ ಎರಡು.

"ನೋಡಿದವರೆಲ್ಲಾ ಉಣ್ಣಾಂಗಿಲ್ಲವ್ವಾ. ಡಬ್ಬಿ ಎಷ್ಟು ಹೋದ್ವು, ಅದನ್ನ ಹೇಳು" ಅಂದಳು ಅವ್ವ. ಮಾಮಾ ಇನ್ನೂ ಜೋರು: "ಫೋನ್ ಒತ್ತಿಕೊಂತ ಕುಂತ್ರ ಉಪ್ಪಿನಕಾಯಿ ಹೋಗ್ತಾವೇನು?"

ಆ 2,400 ರೂಪಾಯಿ ಅವ್ವ ಬೆಳ್ಳುಳ್ಳಿ ಬಿಡಿಸಿ ಬಿಡಿಸಿ ಉರಿಯೋ ಕೈಯಿಂದ ಗಳಿಸಿದ್ದು. ಅಂದು ರಾತ್ರಿ ರೀಲಿನ ವ್ಯೂ ನೋಡೋದು ಬಿಟ್ಟು ಅನಾಲಿಟಿಕ್ಸಿನ `Traffic acquisition` ತೆಗೆದೆ. ಅರ್ಧಕ್ಕಿಂತ ಹೆಚ್ಚು ಭೇಟಿ, ನೇರವಾಗಿ ಬಂದದ್ದು ಅನ್ನೋ `(direct) / (none)` ಸಾಲಿನಲ್ಲೇ ಬಿದ್ದಿದ್ದವು. ಜನ ನಮ್ಮ ಸೈಟಿನ ಹೆಸರು ನೆನಪಿಟ್ಟು ಟೈಪ್ ಮಾಡ್ತಿದ್ದಾರೆ ಅಂತ ಒಂದು ತಿಂಗಳು ಖುಷಿಪಟ್ಟಿದ್ದೆ. ಅದು ತಪ್ಪು. ವಾಟ್ಸಾಪಿನಲ್ಲಿ ಒತ್ತಿದ ಲಿಂಕು ಎಲ್ಲಿಂದ ಬಂದೆ ಅಂತ ಸಾಮಾನ್ಯವಾಗಿ ಹೇಳೋದೇ ಇಲ್ಲ, ಹಾಗಾಗಿ ಆ ಸಾಲಿಗೇ ಬೀಳುತ್ತದೆ. ಅದರ ಮೇಲೆ ನಾನು, ಅವ್ವ, ತಮ್ಮ ದಿನಕ್ಕೆ ಹತ್ತು ಸಲ ಸೈಟ್ ತೆಗೆದು ನೋಡಿದ್ದೂ ಅದರೊಳಗೇ ಸೇರಿತ್ತು. ನಮ್ಮ ಫೋನುಗಳ ಇಂಟರ್ನೆಟ್ ವಿಳಾಸ, ಅಂದರೆ ಐಪಿ, ಕೊಟ್ಟು ನಮ್ಮನ್ನು ಹೊರಗಿಡೋಣ ಅಂದರೆ ಮೊಬೈಲ್ ಡೇಟಾದಲ್ಲಿ ಐಪಿ ಬದಲಾಗುತ್ತಲೇ ಇರುತ್ತದೆ.

ಅದಕ್ಕೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಗುರುತಿನ ಲಿಂಕು ಮಾಡಿಕೊಟ್ಟೆ. ಬೆಂಗಳೂರಿನಲ್ಲಿ ಹುಡುಗಿಯರ ಪಿಜಿಗೆ ಅಡುಗೆ ಮಾಡೋ ಅತ್ತೆಗೆ ಕೊಟ್ಟಿದ್ದರ ಬಾಲ ಹೀಗಿತ್ತು:

```
?utm_source=atte&utm_medium=status&utm_campaign=pundi
```

ನಮ್ಮ ಮನೆಯ ಫೋನುಗಳಲ್ಲಿ `utm_source=mane` ಇದ್ದ ಲಿಂಕನ್ನೇ ಉಳಿಸಿಟ್ಟೆ. ಲೆಕ್ಕ ನೋಡುವಾಗ ಆ ಸಾಲನ್ನು ಕಳೆಯೋದು, ಅಷ್ಟೇ. ಮೊದಲ ವಾರ ಒಂದು ಕಡೆ `Atte`, ಇನ್ನೊಂದು ಕಡೆ `atte` ಬರೆದು ಒಂದೇ ಅತ್ತೆ ಎರಡು ಸಾಲಾಗಿ ಒಡೆದಳು. ಆಮೇಲಿಂದ ಎಲ್ಲಾ ಸಣ್ಣಕ್ಷರ.

ಆದರೆ ಭೇಟಿ ಅಂದರೆ ಆರ್ಡರ್ ಅಲ್ಲವಲ್ಲ. ನಮ್ಮ ಆರ್ಡರ್ ಗುಂಡಿ ವಾಟ್ಸಾಪಿಗೆ ಹೋಗುತ್ತದೆ. ಅದನ್ನು ಒತ್ತಿದ್ದು `click` ಅಂತ ಎಣಿಕೆಯಾಗುತ್ತದೆ, ಮುಂದೆ ಕೊಂಡರೋ ಇಲ್ಲವೋ ಕಾಣೋದಿಲ್ಲ. ಹಾಗಾಗಿ ಆ ಗುಂಡಿಯ ಹಿಂದಿರೋ `wa.me` ಲಿಂಕಿನ `text=` ನಲ್ಲಿ ಮೊದಲೇ ತುಂಬಿರೋ ಮಾತನ್ನೂ ಮೂಲಕ್ಕೆ ತಕ್ಕಂತೆ ಬದಲಾಯಿಸಿದೆ. ಅತ್ತೆ ಕಡೆಯಿಂದ ಬಂದವರ ಮೆಸೇಜಿನ ಕೊನೆಗೆ "ಪುಂಡಿ-ಅ", ರೀಲಿನಿಂದ ಬಂದವರದಕ್ಕೆ "ಪುಂಡಿ-ರೀ". ಅವ್ವ ಅದನ್ನು ನೋಡಿ ಹಾಲಿನ ಲೆಕ್ಕದ ವಹಿಯಲ್ಲೇ ಗೆರೆ ಎಳೆಯುತ್ತಾ ಹೋದಳು.

ಒಂದು ವಾರದ ಲೆಕ್ಕ ನೆನಪಿದೆ. ರೀಲಿನಿಂದ 210ರ ಆಸುಪಾಸು ಭೇಟಿ, ಗುಂಡಿ ಒತ್ತಿದವರು ಒಂಬತ್ತು, ಆರ್ಡರ್ ಎರಡು. ಅತ್ತೆಯ ಸ್ಟೇಟಸ್‌ನಿಂದ 47 ಭೇಟಿ, ಗುಂಡಿ 19, ಆರ್ಡರ್ 11. ಅತ್ತೆಗೆ ಫೋನ್ ಮಾಡಿ ಕೇಳಿದೆ. ಪಿಜಿಯಲ್ಲಿ ಸಿಂಧನೂರು, ಮಾನ್ವಿ, ಲಿಂಗಸುಗೂರಿನ ಹುಡುಗಿಯರೇ ಹೆಚ್ಚಂತೆ. ಊರಿನ ಪುಂಡಿ ನಾಲಿಗೆಗೆ ಗೊತ್ತಿದ್ದವರು. ರೀಲ್ ನೋಡಿದವರಿಗೆ ಎಲೆ ಬಾಡಿಸೋದು ನೋಡೋಕೆ ಚಂದ, ಅಷ್ಟೇ.

ಬೂಸ್ಟ್ ನಿಲ್ಲಿಸಿದೆ. ಆ ದುಡ್ಡಿನಲ್ಲಿ 100 ಗ್ರಾಂ ಪೌಚು ತರಿಸಿದೆ, ಪಿಜಿಯವರಿಗೆ ಕಾಲು ಕೆಜಿ ಡಬ್ಬಿ ಇಡೋಕೆ ಜಾಗ ಇಲ್ಲ. ಮೊದಲ ಸಲ ಕಳಿಸಿದ 14 ಪೌಚಿನಲ್ಲಿ ಐದು ದಾರಿಯಲ್ಲೇ ಎಣ್ಣೆ ಬಿಟ್ಟವು. ಕೊರಿಯರ್‌ನವರು ಕೈ ತೊಳೆದುಕೊಂಡರು, ನಾವೇ ಮತ್ತೆ ಕಳಿಸಿದೆವು. ಈಗ ಪೌಚನ್ನು ಹೇಗೆ ಮುಚ್ಚುತ್ತೇವೆ ಅನ್ನೋದನ್ನು ಮಾತ್ರ ಬರೆಯೋದಿಲ್ಲ, ಅವ್ವನ ಮಸಾಲೆ ಅಳತೆಯನ್ನೂ ಕೇಳಬೇಡಿ.

ಈ ನಡುವೆ ಇನ್ನೊಂದು ಪ್ರಯೋಗ. ಡಬ್ಬಿಯ ಲೇಬಲ್ ಮೇಲೆ ಕ್ಯೂಆರ್ ಹಾಕಿದೆ, `utm_source=dabbi`. ಎರಡು ವಾರ ಒಂದೇ ಒಂದು ಭೇಟಿ ಇಲ್ಲ. ಅಡುಗೆಮನೆಯಲ್ಲಿದ್ದ ನಮ್ಮದೇ ಡಬ್ಬಿ ಎತ್ತಿ ನೋಡಿದರೆ ಎಣ್ಣೆ ಇಳಿದು ಶಾಯಿ ಹರಡಿ ಚೌಕದ ಒಂದು ಮೂಲೆ ಮಸಿಯಾಗಿತ್ತು. ಮುಚ್ಚಳದ ಮೇಲೆ ಅಂಟಿಸಿದ ಮೇಲೆ ಭೇಟಿ ಶುರುವಾದವು, ಅದೂ ಡಬ್ಬಿ ಮುಟ್ಟಿದ 25 ದಿನದ ಆಸುಪಾಸಿನಲ್ಲಿ. ಉಪ್ಪಿನಕಾಯಿ ತಳ ಕಾಣೋ ಹೊತ್ತು ಅದು. ಈಗ 20ನೇ ದಿನಕ್ಕೆ ನಾನೇ ಒಂದು ಮೆಸೇಜ್ ಹಾಕುತ್ತೇನೆ.

ಕಳೆದ ತಿಂಗಳು 160 ಪೌಚು, ಅರವತ್ತರ ಹತ್ತಿರ ಡಬ್ಬಿ ಹೋದವು, ಬೂಸ್ಟಿಗೆ ಒಂದು ಪೈಸೆ ಹಾಕಿಲ್ಲ. ಮಾಮಾ ಮೊನ್ನೆ ಬಂದು ತನ್ನ ಶೇಂಗಾ ಚಟ್ನಿಗೂ ಒಂದು ಲಿಂಕು ಮಾಡಿಕೊಡು ಅಂದರು. `utm_source=mama`, ಸಣ್ಣಕ್ಷರದಲ್ಲೇ ಮಾಡಿಕೊಟ್ಟೆ.