ವರದಿ ಮುಗಿಯಿತೋ ಇಲ್ಲವೋ? ಫಿನ್ನಿಷ್‌ನಲ್ಲಿ ಹೇಳುವುದು ಹೀಗೆ

ಫಿನ್ಲೆಂಡಿನಲ್ಲಿ ಕೆಲಸಕ್ಕೆ ಸೇರಿದ ನಮ್ಮವರೊಬ್ಬರು ಮೀಟಿಂಗಿನಲ್ಲಿ 'ಕಿರ್ಯೊಯಿತಿನ್ ರಪೊರ್ತಿನ್' ಅಂದರು. ಅವರ ಮನಸ್ಸಿನಲ್ಲಿದ್ದದ್ದು 'ನಿನ್ನೆ ವರದಿ ಬರೆಯುತ್ತಾ ಕೂತಿದ್ದೆ' ಅಂತ. ಕೇಳಿದವರಿಗೆ ಅದು 'ವರದಿ ಬರೆದು ಮುಗಿಸಿದೆ' ಅಂತ ಕೇಳಿಸಿತು. 'ಹಾಗಾದ್ರೆ ಕಳಿಸಿ' ಅಂದರು. ಇನ್ನೂ ಅರ್ಧವೂ ಆಗಿರಲಿಲ್ಲ.

ತಪ್ಪಿದ್ದದ್ದು ಪದದ ಬಾಲದಲ್ಲಿ. 'ರಪೊರ್ತಿನ್' ಬದಲು 'ರಪೊರ್ತ್ತಿಯ' ಅನ್ನಬೇಕಿತ್ತು. 'ನ್' ಇರುವುದು ಅಕ್ಯುಸೇಟಿವ್ ವಿಭಕ್ತಿ, 'ಅ' ಧ್ವನಿಯಲ್ಲಿ ಮುಗಿಯುವುದು ಪಾರ್ಟಿಟಿವ್ ವಿಭಕ್ತಿ. (ಹೊಸ ವ್ಯಾಕರಣಗಳು ಆ 'ನ್' ರೂಪವನ್ನು ಜೆನಿಟಿವ್ ಅಂತಲೇ ಕರೆಯುತ್ತವೆ. ಹೆಸರಿನ ಜಗಳ ಬಿಟ್ಟುಬಿಡಿ.) ಯಾವುದು ಯಾವಾಗ ಅಂತ ಕೆಳಗಿನ ಕ್ರಮದಲ್ಲೇ ನೋಡಿ. ಕ್ರಮ ಬದಲಿಸಬೇಡಿ.

1. ವಾಕ್ಯದಲ್ಲಿ 'ಇಲ್ಲ' ಇದೆಯೇ? ಇದ್ದರೆ ಪಾರ್ಟಿಟಿವ್. 'ಎನ್ ಕಿರ್ಯೊಯಿತ್ತನುತ್ ರಪೊರ್ತ್ತಿಯ', ವರದಿ ಬರೆಯಲಿಲ್ಲ. ಮುಂದೆ ಯೋಚಿಸುವುದೇ ಬೇಡ.

2. ಕ್ರಿಯಾಪದವೇ ಪಾರ್ಟಿಟಿವ್ ಕೇಳುತ್ತದೆಯೇ? ಪ್ರೀತಿಸು, ಕಾಯು, ಹುಡುಕು, ಸಹಾಯ ಮಾಡು ಇವಕ್ಕೆಲ್ಲ ಸಾಮಾನ್ಯವಾಗಿ ಅದೇ. 'ರಕಸ್ತನ್ ಸಿನುವ', ನಿನ್ನನ್ನು ಪ್ರೀತಿಸುತ್ತೇನೆ. ಕಾಯುವುದಕ್ಕೆ ಅದರದ್ದೇ ಆದ ಮುಕ್ತಾಯ ಇರುವುದಿಲ್ಲ ಅಲ್ವಾ, ಪ್ರೀತಿಗೂ ಅಷ್ಟೆ. ಹಾಗಂತ ಈ ತರ್ಕವನ್ನು ಜಾಸ್ತಿ ಎಳೆಯಬೇಡಿ. 'ನಾನು ಕಾರಿನ ಒಡೆಯ' ಎನ್ನುವಾಗಲೂ ಏನೂ ಮುಗಿದಿರುವುದಿಲ್ಲ, ಆದರೂ 'ಒಮಿಸ್ತನ್ ಔತೊನ್' ಅಂತ 'ನ್' ಬರುತ್ತದೆ. ಕಣ್ಣಿಗೆ ಕಾಣು, ಪರಿಚಯವಿರು ಎಂಬ ಕ್ರಿಯೆಗಳೂ 'ನ್' ಕಡೆಯವೇ. ಇವನ್ನು ಬಾಯಿಪಾಠ ಮಾಡಿಕೊಳ್ಳಿ.

3. ಕೆಲಸ ಕೊನೆ ಮುಟ್ಟಿತೇ? ಜನ ಬೀಳುವುದು ಇಲ್ಲೇ. 'ಬರೆಯುತ್ತಿದ್ದೆ', 'ಬರೆದು ಮುಗಿಸಿದೆ' ಅಂತ ನಾವು ವ್ಯತ್ಯಾಸವನ್ನು ಕ್ರಿಯಾಪದದಲ್ಲಿ ತೋರಿಸುತ್ತೇವೆ. 'ವರದಿಯನ್ನು' ಎರಡು ಕಡೆಯೂ ಹಾಗೇ ಇರುತ್ತದೆ. ಫಿನ್ನಿಷ್‌ನಲ್ಲಿ ಉಲ್ಟಾ: 'ಕಿರ್ಯೊಯಿತಿನ್' ಎರಡಕ್ಕೂ ಒಂದೇ, ಬಾಲ ಬದಲಾಗುವುದು ವರದಿಗೆ. ಅದಕ್ಕೇ 'ಅನ್ನು' ಕಂಡಲ್ಲೆಲ್ಲ 'ನ್' ಹಾಕುವ ಅಡ್ಡದಾರಿ ಕೈಕೊಡುತ್ತದೆ.

ಅನುಮಾನ ಬಂದಾಗ ನಾನು ಕನ್ನಡದಲ್ಲೇ ಒಂದು ಪರೀಕ್ಷೆ ಮಾಡುತ್ತೇನೆ. 'ಎರಡು ಗಂಟೆ ಬರೆದೆ' ಅನ್ನುವುದು ಸರಿಹೊಂದಿದರೆ ಪಾರ್ಟಿಟಿವ್. 'ಎರಡು ಗಂಟೆಯಲ್ಲಿ ಬರೆದೆ' ಅನ್ನುವುದು ಸರಿಹೊಂದಿದರೆ 'ನ್'. ಮೊದಲನೆಯದು ಎಷ್ಟು ಹೊತ್ತು ಕೂತೆ ಅಂತ ಮಾತ್ರ ಹೇಳುತ್ತದೆ. ಎರಡನೆಯದರಲ್ಲಿ ವರದಿ ಕೈಯಲ್ಲಿದೆ.

ಗುಂಡು ಹಾರಿಸುವ ಉದಾಹರಣೆ ಇದಕ್ಕಿಂತ ಚೆನ್ನಾಗಿ ತಲೆಗೆ ಹೋಗುತ್ತದೆ. 'ಅಮ್ಮುಯಿನ್ ಕರ್ಹುನ್' ಅಂದರೆ ಕರಡಿಯನ್ನು ಹೊಡೆದುರುಳಿಸಿದೆ. 'ಅಮ್ಮುಯಿನ್ ಕರ್ಹುವ' ಅಂದರೆ ಕರಡಿಯತ್ತ ಗುಂಡು ಹಾರಿಸಿದೆ. ಅದು ಸತ್ತಿತು ಅಂತ ವಾಕ್ಯ ಹೇಳುವುದಿಲ್ಲ. ಇನ್ನೂ ಓಡಾಡುತ್ತಿರಬಹುದು.

ವರ್ತಮಾನಕ್ಕೆ ಬಂದರೆ ಇನ್ನೊಂದು ತಿರುವು. ಫಿನ್ನಿಷ್‌ನಲ್ಲಿ ಭವಿಷ್ಯಕ್ಕೆ ಬೇರೆ ಕ್ರಿಯಾರೂಪ ಇಲ್ಲ. 'ಕಿರ್ಯೊಯಿತನ್ ರಪೊರ್ತ್ತಿಯ' ಅಂದರೆ ಸಾಮಾನ್ಯವಾಗಿ ಈಗ ಬರೆಯುತ್ತಿದ್ದೇನೆ. 'ಕಿರ್ಯೊಯಿತನ್ ರಪೊರ್ತಿನ್' ಅಂದರೆ ಬರೆದು ಕೊಡುತ್ತೇನೆ. ಕೊನೆ ಮುಟ್ಟುವ ಕೆಲಸ ಈ ಕ್ಷಣ ಮುಗಿದಿಲ್ಲವಾದ್ದರಿಂದ ಮಾತು ಮುಂದಕ್ಕೆ ಸರಿಯುತ್ತದೆ. ಬಾಸ್ ಮುಂದೆ ಇದು ಭರವಸೆಯಾಗಿಬಿಡುತ್ತದೆ, ಹುಷಾರು.

4. ಇಡಿಯಾಗಿಯೋ, ಸ್ವಲ್ಪವೋ? 'ಒಸ್ತಿನ್ ಮಯ್ತೊವ', ಹಾಲು ಕೊಂಡೆ, ಎಷ್ಟು ಅಂತಿಲ್ಲ. 'ಒಸ್ತಿನ್ ಮಯ್ದೊನ್', ಒಂದು ಪ್ಯಾಕೆಟ್ ಅಥವಾ ನೀವು ಹೇಳಿದ್ದ ಆ ಹಾಲು. ಪಾರ್ಟಿಟಿವ್ ಅಂದರೆ 'ಸ್ವಲ್ಪ' ಅಂತ ಮಾತ್ರ ಕಲಿಸುವ ಮೊಬೈಲ್ ಆ್ಯಪ್‌ಗಳಿವೆ. ಅವು ಈ ನಾಲ್ಕನೆಯ ಮೆಟ್ಟಿಲಿನಿಂದಲೇ ಶುರು ಮಾಡುತ್ತವೆ. ಅದನ್ನೇ ನಂಬಿದವರಿಗೆ 'ರಪೊರ್ತ್ತಿಯ' ಅಂದರೆ ವರದಿಯ ಚೂರು ಅನ್ನಿಸುತ್ತದೆ. ನನ್ನ ಮಾತು ಕೇಳಿ, ಅಂಥವನ್ನು ತೆಗೆದುಹಾಕಿ.

5. ರೂಪ ಹಾಕಿ. ನಾಲ್ಕೂ ಕಡೆ ಪಾರ್ಟಿಟಿವ್ ಬರಲಿಲ್ಲವೆಂದರೆ ಏಕವಚನಕ್ಕೆ 'ನ್', ಬಹುವಚನಕ್ಕೆ 'ತ್', ನಾನು-ನೀನು ಥರದ ಪದಗಳಿಗೂ 'ತ್': 'ಮಿನುತ್', 'ಸಿನುತ್'. ಒಂದು ಕಿರಿಕಿರಿ: ಆಜ್ಞೆ ಕೊಡುವಾಗ ಏಕವಚನದ 'ನ್' ಉದುರುತ್ತದೆ. 'ಕಿರ್ಯೊಯಿತ ರಪೊರ್ತ್ತಿ', ವರದಿ ಬರೆದು ಮುಗಿಸು. 'ಬರೆಯಬೇಕು' ಅನ್ನುವ ವಾಕ್ಯಕ್ಕೂ ಹೀಗೇ ಬರಿಯ ಪದ. ನಾನು-ನೀನುಗಳ 'ತ್' ಮಾತ್ರ ಆಗಲೂ ಉಳಿಯುತ್ತದೆ.